ಒಂದೇ ಸರ್ಕ್ಯೂಟನ್ನು ಎರಡು ಸಲ ಓದುವುದು: ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಸ್ಲೈಡುಗಳನ್ನು ಬಿಡಿಸುವ ಬಗೆ

ಇಂಟರ್ನಲ್ಸ್ ಹತ್ತಿರ ಬಂದಾಗ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಅರವತ್ತು ಎಪ್ಪತ್ತು ಸ್ಲೈಡಿನ ಒಂದು ಪಿಡಿಎಫ್ ಬಂದು ಬೀಳುತ್ತದೆ. ಅದರಲ್ಲಿ ಹುಡುಗರು ಸಿಕ್ಕಿಕೊಳ್ಳುವುದು ಲೆಕ್ಕದಲ್ಲಿ ಅಲ್ಲ, ಚಿತ್ರದಲ್ಲಿ. ಒಂದು ಸ್ಲೈಡಿನಲ್ಲಿದ್ದ ಕೆಪ್ಯಾಸಿಟರ್ ಮುಂದಿನದರಲ್ಲಿ ಮಾಯವಾಗಿರುತ್ತದೆ. ಅದರ ಮುಂದಿನದರಲ್ಲಿ 12 ವೋಲ್ಟಿನ ತಂತಿಗೆ ಗ್ರೌಂಡ್ ಚಿಹ್ನೆ ಹಾಕಿರುತ್ತಾರೆ. ಆಮೇಲೆ ಟ್ರಾನ್ಸಿಸ್ಟರೇ ಹೋಗಿ ಆ ಜಾಗದಲ್ಲಿ ಒಂದು ಬಾಣದ ಗುರುತಿನ ಡೈಮಂಡ್ ಬಂದು ಕೂತಿರುತ್ತದೆ. ಧಾರವಾಡದಲ್ಲಿ ಮೂರನೇ ಸೆಮಿಸ್ಟರ್ ಓದುತ್ತಿರುವ ನನ್ನ ತಂಗಿಯ ಮಗ ಹೋದ ವಾರ ಮೊಬೈಲ್ ಹಿಡಿದುಕೊಂಡು ಬಂದು ಕೇಳಿದ್ದೂ ಇದನ್ನೇ: "ಮಾಮಾ, ಈ ಸ್ಲೈಡ್‌ನ್ಯಾಗ ಕೆಪ್ಯಾಸಿಟರ್ ಐತಿ, ಮುಂದಿಂದ್ರಾಗ ಎಲ್ಲಿ ಹೋತು? ಸರ್ ಬಿಟ್ಟಾರೋ, ಬೇಕಂತ ತಗದಾರೋ?"

ಬೇಕಂತಲೇ ತೆಗೆದಿದ್ದಾರೆ. ಸ್ಲೈಡುಗಳಲ್ಲಿ ಇರುವುದು ಒಂದೇ ಸರ್ಕ್ಯೂಟ್. ಅದನ್ನು ಒಮ್ಮೆ ಡಿಸಿಗೆ, ಇನ್ನೊಮ್ಮೆ ಎಸಿಗೆ ಓದುತ್ತಾರೆ. ಡಿಸಿ ಓದಿನಲ್ಲಿ ಕೇಳುವ ಪ್ರಶ್ನೆ, ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್ ಯಾವ ವೋಲ್ಟೇಜಿನಲ್ಲಿ, ಎಷ್ಟು ಕರೆಂಟಿನಲ್ಲಿ ನಿಂತಿದೆ ಎಂಬುದು, ಇದು ಬಯಾಸಿಂಗ್. ಎಸಿ ಓದಿನಲ್ಲಿ ಕೇಳುವುದು, ಆ ನಿಂತ ಜಾಗದಿಂದ ಚೂರು ಅಲ್ಲಾಡಿಸಿದರೆ ಔಟ್‌ಪುಟ್ ಎಷ್ಟು ಅಲ್ಲಾಡುತ್ತದೆ ಎಂದು, ಇದು ಗೇನ್. ಎರಡರ ನಡುವೆ ಇರುವ ಸೇತುವೆ ಒಂದೇ ಸಂಖ್ಯೆ, ಎಮಿಟರ್ ಕರೆಂಟ್. ಅದು ಸಿಗುವವರೆಗೆ ಗೇನ್ ಸ್ಲೈಡಿಗೆ ಕೈ ಹಾಕಬೇಡಿ.

ಎಲ್ಲ ಬಗೆಯ ಆಂಪ್ಲಿಫೈಯರ್ ಇಲ್ಲಿ ಹಿಡಿಯುವುದಿಲ್ಲ. ಪರೀಕ್ಷೆಯಲ್ಲೂ ಲ್ಯಾಬಿನಲ್ಲೂ ಮತ್ತೆ ಮತ್ತೆ ಬರುವ ವೋಲ್ಟೇಜ್ ಡಿವೈಡರ್ ಬಯಾಸ್ ಇರುವ ಕಾಮನ್ ಎಮಿಟರ್ ಆಂಪ್ಲಿಫೈಯರ್ ಒಂದನ್ನೇ ತೆಗೆದುಕೊಂಡು ಕೊನೆಯವರೆಗೆ ಹೋಗೋಣ. ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಸ್ಲೈಡ್ ಸರಿಸುತ್ತ ಹೋದರೆ ಇದು ತಲೆಗೆ ಹತ್ತುವುದಿಲ್ಲ. ಪೆನ್ಸಿಲ್, ರಫ್ ನೋಟ್‌ಬುಕ್, ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಕೂರಬೇಕು.

ನಮ್ಮ ಸರ್ಕ್ಯೂಟಿನ ಬೆಲೆಗಳು ಇವು:

```
VCC = 12 V      BC547, β = 200
R1  = 47 k      R2 = 10 k
RC  = 3.3 k     RE = 1 k
CE  = 100 µF    RL = 10 k
```

R1 ಸಪ್ಲೈಯಿಂದ ಬೇಸಿಗೆ, R2 ಬೇಸಿನಿಂದ ಗ್ರೌಂಡಿಗೆ. RC ಕಲೆಕ್ಟರಿನ ಮೇಲೆ, RE ಎಮಿಟರಿನ ಕೆಳಗೆ. CE ಎಂಬ ಬೈಪಾಸ್ ಕೆಪ್ಯಾಸಿಟರ್ RE ಪಕ್ಕದಲ್ಲಿ ಪ್ಯಾರಲಲ್ ಆಗಿ ಇದೆ. ಸಿಗ್ನಲ್ ಒಳಗೆ ಬರುವಲ್ಲಿ ಒಂದು, ಹೊರಗೆ ಹೋಗುವಲ್ಲಿ ಒಂದು ಕಪ್ಲಿಂಗ್ ಕೆಪ್ಯಾಸಿಟರ್. RL ಎಂದರೆ ಔಟ್‌ಪುಟ್‌ಗೆ ಜೋಡಿಸಿದ ಲೋಡ್.

ಮೊದಲು ಅಕ್ಷರ ನೋಡಿ

ಲೆಕ್ಕಕ್ಕೆ ಇಳಿಯುವ ಮುಂಚೆ ಸ್ಲೈಡಿನ ಅಕ್ಷರಗಳು ದೊಡ್ಡವೋ ಸಣ್ಣವೋ ನೋಡಬೇಕು. ದೊಡ್ಡ V, ಕೆಳಗೆ ದೊಡ್ಡ CE ಇದ್ದರೆ ಅದು ಡಿಸಿ ಬೆಲೆ. ಸಣ್ಣ v, ಕೆಳಗೆ ಸಣ್ಣ ce ಇದ್ದರೆ ಅದು ಸಿಗ್ನಲ್ ಮಾತ್ರ. ಸಣ್ಣ v, ಕೆಳಗೆ ದೊಡ್ಡ CE ಇದ್ದರೆ ಎರಡೂ ಕೂಡಿದ ಒಟ್ಟು ಬೆಲೆ. VCC ಹಾಗೆ ಒಂದೇ ಅಕ್ಷರ ಎರಡು ಸಲ ಬಂದರೆ ಅದು ಸಪ್ಲೈ. ಅವಸರದಲ್ಲಿ ಟೈಪ್ ಮಾಡಿದ ಸ್ಲೈಡುಗಳಲ್ಲಿ ಇವು ಅದಲು ಬದಲಾಗಿರುವುದು ಅಪರೂಪವೇನಲ್ಲ. ಆಗ ಚಿತ್ರದ ಮೊರೆ ಹೋಗಿ: ಅದರಲ್ಲಿ ಬ್ಯಾಟರಿ ಅಥವಾ VCC ಉಳಿದಿದ್ದರೆ ಡಿಸಿ ಸ್ಲೈಡ್, ಸಪ್ಲೈ ತಂತಿ ಗ್ರೌಂಡ್ ಆಗಿದ್ದರೆ ಎಸಿ ಸ್ಲೈಡ್. ಪ್ರತಿ ಸ್ಲೈಡಿನ ಮೂಲೆಯಲ್ಲಿ "ಡಿಸಿ" ಅಥವಾ "ಎಸಿ" ಎಂದು ಬರೆದುಕೊಂಡುಬಿಟ್ಟರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಡಿಸಿ ಓದು: ಕೆಪ್ಯಾಸಿಟರ್ ಅಳಿಸಿ

ಕೆಪ್ಯಾಸಿಟರ್ ಡಿಸಿಯನ್ನು ಬಿಡುವುದಿಲ್ಲ. ಆದ್ದರಿಂದ ಮೂರನ್ನೂ ರಬ್ಬರಿನಿಂದ ಅಳಿಸಿಬಿಡಿ. ಅವುಗಳ ಜೊತೆ ಸಿಗ್ನಲ್ ಸೋರ್ಸ್ ಹೋಗುತ್ತದೆ, RL ಕೂಡ ಹೋಗುತ್ತದೆ. ಉಳಿಯುವುದು ನಾಲ್ಕು ರೆಸಿಸ್ಟರ್, ಒಂದು ಟ್ರಾನ್ಸಿಸ್ಟರ್. ಇನ್ನು ಬೇಸಿನಿಂದ ಶುರು ಮಾಡಿ ಎಮಿಟರಿಗೆ ಇಳಿದು ಅಲ್ಲಿಂದ ಕಲೆಕ್ಟರಿಗೆ ಏರಬೇಕು. ಈ ದಾರಿ ತಪ್ಪಿಸಬೇಡಿ.

```
VB = 12 × 10/(47+10) = 2.1 V
VE = VB − 0.7        = 1.4 V
IE = VE / RE         = 1.4 mA
VC = 12 − 1.4 × 3.3  = 7.4 V
VCE = VC − VE        = 6 V
```

ಈ ಐದು ಸಾಲಿನಲ್ಲಿ β ಎಲ್ಲೂ ಬರಲಿಲ್ಲ ನೋಡಿ. ಈ ಸರ್ಕ್ಯೂಟಿನ ಜಾಣತನ ಇರುವುದೇ ಅಲ್ಲಿ. ಆದರೆ ಮುಂದಿನ ಸ್ಲೈಡಿನಲ್ಲಿ ಥೆವೆನಿನ್ ಹಾಕಿ ಅದೇ ಲೆಕ್ಕವನ್ನು β ಸಮೇತ ಮತ್ತೆ ಮಾಡಿರುತ್ತಾರೆ, ಉತ್ತರ ಸ್ವಲ್ಪ ಬೇರೆ ಬಂದಿರುತ್ತದೆ. ಯಾವುದು ಸರಿ ಎಂದು ಹುಡುಗರು ಗಾಬರಿಯಾಗುವುದು ಇಲ್ಲೇ. ಎರಡೂ ಸರಿ. ಮೊದಲನೆಯದು ಬೇಸ್ ಎಳೆಯುವ ಕರೆಂಟನ್ನು ಲೆಕ್ಕಕ್ಕೆ ಹಿಡಿದಿಲ್ಲ, ಎರಡನೆಯದು ಹಿಡಿದಿದೆ, ಅಷ್ಟೇ ವ್ಯತ್ಯಾಸ.

ಮಾಡಿಯೇ ನೋಡೋಣ. R1, R2 ಪ್ಯಾರಲಲ್ ಆಗಿ 8.25 ಕಿಲೋ ಓಮ್. ಎಮಿಟರಿನ 1 ಕಿಲೋ ಓಮ್ ಬೇಸಿನ ಕಡೆಯಿಂದ ನೋಡಿದರೆ β+1 ಪಟ್ಟು, ಅಂದರೆ 201 ಕಿಲೋ ಓಮ್ ಆಗಿ ಕಾಣುತ್ತದೆ.

```
IB = 1.4 / (8.25 k + 201 k) = 6.7 µA
IC = 200 × 6.7 µA           = 1.34 mA
```

1.4 ಎಂದು ಅಂದಾಜಿಸಿದ್ದು 1.34 ಆಯಿತು. ಅಂಗಡಿಯಲ್ಲಿ ಸಿಗುವ ರೆಸಿಸ್ಟರುಗಳೇ 5 ಪರ್ಸೆಂಟ್ ಹೆಚ್ಚುಕಮ್ಮಿ ಇರುವಾಗ ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪ್ರಶ್ನೆಯಲ್ಲಿ β ಕೊಟ್ಟು ನಿಖರ ಬೆಲೆ ಕೇಳಿದ್ದರೆ ಎರಡನೇ ದಾರಿ, ಇಲ್ಲವಾದರೆ ಮೊದಲನೆಯದು. ಮೊದಲನೇ ದಾರಿ ನಂಬಬಹುದೋ ಇಲ್ಲವೋ ಎಂದು ತಿಳಿಯಲು ಪುಸ್ತಕಗಳು ಕೊಡುವ ಪರೀಕ್ಷೆ ಒಂದಿದೆ: β ಗುಣಿಸು RE ಎಂಬುದು R2ದ ಹತ್ತು ಪಟ್ಟಿಗಿಂತ ಹೆಚ್ಚಿರಬೇಕು. ಇಲ್ಲಿ 200 ಕಿಲೋ ಓಮ್ ಎದುರು 100 ಕಿಲೋ ಓಮ್, ಹಾಗಾಗಿ ಧೈರ್ಯವಾಗಿ ನಂಬಬಹುದು.

ಈಗ β ಅರ್ಧಕ್ಕೆ ಇಳಿಸಿ, 100 ಎಂದು ಹಾಕಿ ಅದೇ ಲೆಕ್ಕ ಮತ್ತೆ ಮಾಡಿ. IC 1.29 ಮಿಲಿ ಆಂಪಿಯರ್ ಬರುತ್ತದೆ. β ಅರ್ಧವಾದರೂ ಕರೆಂಟ್ ಇಳಿದದ್ದು ನೂರಕ್ಕೆ ನಾಲ್ಕು. ಇದನ್ನು ಫಿಕ್ಸ್ಡ್ ಬಯಾಸ್ ಸ್ಲೈಡಿನ ಪಕ್ಕ ಇಟ್ಟು ನೋಡಬೇಕು. ಅಲ್ಲಿ ಬೇಸಿಗೆ ಒಂದೇ ರೆಸಿಸ್ಟರ್, ಎಮಿಟರ್ ನೇರ ಗ್ರೌಂಡಿಗೆ. β 200 ಇದ್ದಾಗ 1.35 ಮಿಲಿ ಆಂಪಿಯರ್ ಬರುವ ಹಾಗೆ ಸುಮಾರು 1.67 ಮೆಗಾ ಓಮ್ ಹಾಕಿದಿರಿ ಎಂದುಕೊಳ್ಳಿ. BC547ರ ಡೇಟಾಶೀಟಿನಲ್ಲಿ ಈ β 110ರಿಂದ 800ರವರೆಗೆ ಎಷ್ಟೂ ಇರಬಹುದು ಎಂದು ಬರೆದಿದೆ. ಅದೇ ಪೊಟ್ಟಣದ ಇನ್ನೊಂದು ಟ್ರಾನ್ಸಿಸ್ಟರಿನ β 400 ಇದ್ದರೆ ಕರೆಂಟ್ 2.7ಕ್ಕೆ ಏರಿ VCE 3 ವೋಲ್ಟಿಗೆ ಕುಸಿಯುತ್ತದೆ. 800 ಇದ್ದರೆ ಸ್ಯಾಚುರೇಶನ್, ಆಂಪ್ಲಿಫೈಯರ್ ಸತ್ತ ಹಾಗೆ. "ವೋಲ್ಟೇಜ್ ಡಿವೈಡರ್ ಬಯಾಸ್ ಏಕೆ ಸ್ಥಿರ" ಎಂಬ ಪ್ರಶ್ನೆಗೆ ವಾಕ್ಯ ಕಟ್ಟುವುದಕ್ಕಿಂತ ಈ ಎರಡು ಲೆಕ್ಕ ಅಕ್ಕಪಕ್ಕ ಬರೆದರೆ ಮಾರ್ಕ್ಸ್ ಕೊಡದೆ ಗತ್ಯಂತರವಿಲ್ಲ.

ಕಾರಣ RE. ಕರೆಂಟ್ ಹೆಚ್ಚಾದರೆ VE ಏರುತ್ತದೆ. ಬೇಸ್ 2.1ರಲ್ಲೇ ನಿಂತಿರುವುದರಿಂದ ಬೇಸ್ ಎಮಿಟರ್ ನಡುವಿನ ವೋಲ್ಟೇಜ್ ಇಳಿಯುತ್ತದೆ, ಕರೆಂಟ್ ತಾನೇ ಹಿಂದೆ ಸರಿಯುತ್ತದೆ. ಬಿಸಿಲಿಗೂ ಇದೇ ಉತ್ತರ. VBE ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯ ಲ್ಯಾಬಿನಲ್ಲಿ ಫ್ಯಾನ್ ನಿಂತು 15 ಡಿಗ್ರಿ ಹೆಚ್ಚಾಯಿತು ಎಂದರೂ ಅದು 30 ಮಿಲಿವೋಲ್ಟ್. RE ಮೇಲಿನ 1400 ಮಿಲಿವೋಲ್ಟಿನ ಎದುರು ಅದು ಎರಡು ಪರ್ಸೆಂಟ್ ಚಿಲ್ಲರೆ. VE ಕನಿಷ್ಠ 1 ವೋಲ್ಟಾದರೂ ಇರಲಿ ಎನ್ನುವುದು ಇದಕ್ಕೇ.

ಲೋಡ್ ಲೈನ್ ಸ್ಲೈಡನ್ನು ಈಗ ಬೇಗ ದಾಟಬಹುದು. ಅಡ್ಡಗೆರೆಯ ಮೇಲೆ 12 ವೋಲ್ಟ್, ನಿಂತ ಗೆರೆಯ ಮೇಲೆ 12 ಭಾಗಿಸು RC, RE ಕೂಡಿದ 4.3 ಕಿಲೋ ಓಮ್, ಅಂದರೆ 2.8 ಮಿಲಿ ಆಂಪಿಯರ್. ಎರಡನ್ನೂ ಸೇರಿಸಿ ಗೆರೆ ಎಳೆದರೆ ನಮ್ಮ 6 ವೋಲ್ಟ್, 1.4 ಮಿಲಿ ಆಂಪಿಯರಿನ ಬಿಂದು ನಟ್ಟನಡುವೆ ಬಂದು ಕೂರುತ್ತದೆ. ಅದೇ ಕ್ಯೂ ಪಾಯಿಂಟ್.

ಎಸಿ ಓದು: ಕೆಪ್ಯಾಸಿಟರ್ ತಂತಿ, ಸಪ್ಲೈ ಗ್ರೌಂಡ್

ಮತ್ತೆ ಮೂಲ ಚಿತ್ರಕ್ಕೆ ಬನ್ನಿ. ಈ ಸಲ ಕೆಪ್ಯಾಸಿಟರ್ ಇದ್ದಲ್ಲೆಲ್ಲ ಸುಮ್ಮನೆ ಒಂದು ತಂತಿ ಎಳೆಯಿರಿ. VCC ತಂತಿಯನ್ನು ಗ್ರೌಂಡಿಗೆ ಸೇರಿಸಿ. 12 ವೋಲ್ಟ್ ಗ್ರೌಂಡ್ ಆಗುವುದು ಹೇಗೆ ಎಂದು ಎಲ್ಲರೂ ಒಮ್ಮೆ ತಕರಾರು ತೆಗೆಯುತ್ತಾರೆ. ಎಸಿ ಓದಿನಲ್ಲಿ ನಾವು ನೋಡುವುದು ಅಲ್ಲಾಟವನ್ನು ಮಾತ್ರ. ಸಪ್ಲೈ ಅಲ್ಲಾಡುವುದಿಲ್ಲ, ಗ್ರೌಂಡೂ ಅಲ್ಲಾಡುವುದಿಲ್ಲ. ಅಲ್ಲಾಟದ ಲೆಕ್ಕದಲ್ಲಿ ಎರಡೂ ಸೊನ್ನೆ.

ಹೀಗೆ ಬರೆದ ಮೇಲೆ ಮೇಲಿದ್ದ R1 ಕೆಳಗೆ ಬಂದು R2 ಪಕ್ಕ ಪ್ಯಾರಲಲ್ ಆಗುತ್ತದೆ. RC ಹಾಗೂ RL ಪ್ಯಾರಲಲ್ ಆಗುತ್ತವೆ. RE ಮೇಲೆ CE ತಂತಿಯಾಗಿ ಕೂತಿರುವುದರಿಂದ RE ಇಲ್ಲದಂತೆಯೇ ಆಗಿ ಎಮಿಟರ್ ಗ್ರೌಂಡಿಗೆ ಬರುತ್ತದೆ. ಡೈಮಂಡ್ ಚಿಹ್ನೆಯ ಸ್ಲೈಡ್ ಎಂದರೆ ಇದೇ ಚಿತ್ರ, ಟ್ರಾನ್ಸಿಸ್ಟರ್ ಬದಲಿಗೆ ಅದರ ಮಾಡೆಲ್ ಇಟ್ಟದ್ದು.

ಇನ್ನು ಸೇತುವೆ ದಾಟುವುದು. ಎಮಿಟರ್ ಜಂಕ್ಷನ್ ಸಿಗ್ನಲ್ಲಿಗೆ ತೋರಿಸುವ ಒಳ ರೆಸಿಸ್ಟೆನ್ಸ್ ಸಣ್ಣ re. ಕೋಣೆಯ ಉಷ್ಣತೆಯಲ್ಲಿ ಅದು 26 ಮಿಲಿವೋಲ್ಟ್ ಭಾಗಿಸು ಎಮಿಟರ್ ಕರೆಂಟ್.

```
re = 26 mV / 1.4 mA  = 18.6 Ω
Av = −RC / re        = −3300/18.6 = −177
RC || RL             = 2.48 k
Av (RL ಜೊತೆ)         = −2480/18.6 = −133
```

ಮೈನಸ್ ಚಿಹ್ನೆ ಗೇನ್ ಕಡಿಮೆ ಎನ್ನುವುದಕ್ಕಲ್ಲ, ಇನ್‌ಪುಟ್ ಏರಿದಾಗ ಔಟ್‌ಪುಟ್ ಇಳಿಯುತ್ತದೆ ಎನ್ನುವುದಕ್ಕೆ. ಕರೆಂಟ್ ಹೆಚ್ಚಾದರೆ RC ಮೇಲೆ ಬೀಳುವ ವೋಲ್ಟೇಜ್ ಹೆಚ್ಚಿ ಕಲೆಕ್ಟರ್ ಕೆಳಗಿಳಿಯುತ್ತದಲ್ಲ, ಅದೇ.

ಇಲ್ಲಿ ಇನ್ನೊಂದು ಗೊಂದಲ ಕಾದಿರುತ್ತದೆ. ಒಂದು ಸ್ಲೈಡಿನಲ್ಲಿ ಗೇನ್ ಎಂದರೆ −gm·RC, ಇನ್ನೊಂದರಲ್ಲಿ −RC/re, ಮತ್ತೊಂದರಲ್ಲಿ −hfe·RC/hie. ಬೇರೆ ಬೇರೆ ಪುಸ್ತಕದಿಂದ ಎತ್ತಿ ಒಂದೇ ಪಿಡಿಎಫ್‌ಗೆ ಹಾಕಿದರೆ ಹೀಗಾಗುತ್ತದೆ. ಮೂರನ್ನೂ ಬಾಯಿಪಾಠ ಮಾಡುವವರನ್ನು ನೋಡಿದ್ದೇನೆ, ಅದು ದಂಡ. ನಮ್ಮ ಬೆಲೆ ಹಾಕಿ ನೋಡಿ. gm ಎಂದರೆ 1.4 ಭಾಗಿಸು 26, ಸುಮಾರು 54 ಮಿಲಿ ಸೀಮೆನ್ಸ್. ಅಂದರೆ reಯನ್ನು ತಲೆಕೆಳಗು ಮಾಡಿದ್ದು. hfe ಎಂದರೆ β. hie ಎಂದರೆ β ಗುಣಿಸು re, ಇಲ್ಲಿ 3.72 ಕಿಲೋ ಓಮ್. ಕೊನೆಯ ಸೂತ್ರದಲ್ಲಿ 200 ಗುಣಿಸು 3.3 ಭಾಗಿಸು 3.72 ಎಂದರೆ ಮತ್ತೆ ಅದೇ 177. ಮೇಲಿನ β, ಕೆಳಗಿನ β ಹೊಡೆದುಹೋದವು.

ಗೇನಿನಲ್ಲಿ β ಹೊಡೆದುಹೋದರೂ ಇನ್‌ಪುಟ್ ಇಂಪಿಡೆನ್ಸಿನಲ್ಲಿ ಉಳಿಯುತ್ತದೆ. R1, R2, hie ಮೂರೂ ಪ್ಯಾರಲಲ್, ಅಂದರೆ 8.25 ಕಿಲೋ ಓಮ್ ಜೊತೆ 3.72 ಕಿಲೋ ಓಮ್, ಒಟ್ಟು 2.56 ಕಿಲೋ ಓಮ್. ಸಿಗ್ನಲ್ ಕೊಡುವ ಸೋರ್ಸಿನ ಒಳಗೆ 600 ಓಮ್ ಇದ್ದರೆ ಸಿಗ್ನಲ್ಲಿನ ಐದನೇ ಒಂದು ಭಾಗ ಬೇಸಿಗೆ ಮುಟ್ಟುವ ಮುಂಚೆಯೇ ಕಳೆದುಹೋಗಿ, ಸೋರ್ಸಿನಿಂದ ಔಟ್‌ಪುಟ್‌ವರೆಗಿನ ಗೇನ್ 133ರ ಬದಲು 108 ಸಿಗುತ್ತದೆ. ಪ್ರಶ್ನೆಯಲ್ಲಿ vo/vi ಕೇಳಿದ್ದಾರೋ vo/vs ಕೇಳಿದ್ದಾರೋ ಎಂದು ಕಣ್ಣಿಟ್ಟು ನೋಡಿ.

ಬೈಪಾಸ್ ಕೆಪ್ಯಾಸಿಟರ್ ಎಂಬ ನಿಜವಾದ ಗುದ್ದಾಟ

ಹೆಚ್ಚು ಮಾರ್ಕ್ಸ್ ಹೋಗುವುದು CE ಹತ್ತಿರ. ಅದು ಇಲ್ಲದಿದ್ದರೆ ಎಸಿ ಚಿತ್ರದಲ್ಲಿ RE ಹಾಗೇ ಉಳಿದುಕೊಳ್ಳುತ್ತದೆ. ಆಗ ಗೇನಿನ ಕೆಳಗೆ ಬರುವುದು re ಒಂದೇ ಅಲ್ಲ, re ಕೂಡಿಸು RE.

```
Av = −2480 / (18.6 + 1000) = −2.4
```

133 ಎಲ್ಲಿ, 2.4 ಎಲ್ಲಿ! ಬಯಾಸನ್ನು ಸ್ಥಿರವಾಗಿಟ್ಟ RE ಸಿಗ್ನಲ್ಲನ್ನೂ ಅಷ್ಟೇ ನಿಷ್ಠೆಯಿಂದ ತಡೆಯುತ್ತದೆ. ಡಿಸಿಗೆ RE ಇರಲಿ, ಸಿಗ್ನಲ್ಲಿಗೆ ಇರದಿರಲಿ ಎಂದು CE ಹಾಕುವುದು.

ಹಾಗಾದರೆ ಅದನ್ನು ಎಷ್ಟು ದೊಡ್ಡದು ಹಾಕಬೇಕು? ತುಂಬಾ ಸ್ಲೈಡುಗಳಲ್ಲಿ CEಯ ರಿಯಾಕ್ಟೆನ್ಸ್ REಯ ಹತ್ತನೇ ಒಂದು ಭಾಗ ಇರಲಿ ಎಂದು ಬರೆದಿರುತ್ತಾರೆ. ನನಗೆ ಆ ನಿಯಮ ಒಪ್ಪಿಗೆಯಿಲ್ಲ. CE ಪೈಪೋಟಿ ಮಾಡಬೇಕಾದದ್ದು 1000 ಓಮಿನ ಜೊತೆಗಲ್ಲ, ಎಮಿಟರಿನ ಒಳಗಿನ 18.6 ಓಮಿನ ಜೊತೆಗೆ. ಸೋರ್ಸಿನ ಪಾಲನ್ನೂ ಸೇರಿಸಿ ಅದು ಸುಮಾರು 21 ಓಮ್ ಎಂದಿಟ್ಟುಕೊಳ್ಳಿ.

```
f = 1/(2π × 21 × 100 µF) ≈ 76 Hz
```

100 ಮೈಕ್ರೋ ಫ್ಯಾರಡ್ ಹಾಕಿದರೂ 76 ಹರ್ಟ್ಜ್ ಹತ್ತಿರ ಗೇನ್ 3 ಡಿಬಿ ಇಳಿದಿರುತ್ತದೆ. 10 ಮೈಕ್ರೋ ಹಾಕಿದರೆ ಅದು 760 ಹರ್ಟ್ಜ್. ಫ್ರೀಕ್ವೆನ್ಸಿ ರೆಸ್ಪಾನ್ಸ್ ಪ್ರಯೋಗದಲ್ಲಿ "ಸರ್, 100 ಹರ್ಟ್ಜ್‌ದಾಗ ಗೇನೇ ಇಲ್ರೀ" ಎಂಬ ಕೂಗು ಕೇಳಿದರೆ ಮೊದಲು ನೋಡಬೇಕಾದದ್ದು ಈ ಕೆಪ್ಯಾಸಿಟರಿನ ಬೆಲೆಯನ್ನು. ಇನ್‌ಪುಟ್‌ನ ಕಪ್ಲಿಂಗ್ ಕೆಪ್ಯಾಸಿಟರ್ 10 ಮೈಕ್ರೋ ಇದ್ದರೂ ಅದು ನೋಡುವುದು 3 ಕಿಲೋ ಓಮಿಗೂ ಹೆಚ್ಚು, ಅದರ ಗಡಿ 5 ಹರ್ಟ್ಜ್ ಸುತ್ತ, ಅದರ ತಪ್ಪಲ್ಲ.

ಗೇನಿನ ಸಂಖ್ಯೆಯನ್ನು ಎಲ್ಲಿಯವರೆಗೆ ನಂಬಬೇಕು

ಗೇನ್ 133 ಎಂದಾಕ್ಷಣ 50 ಮಿಲಿವೋಲ್ಟ್ ಕೊಟ್ಟರೆ 6.6 ವೋಲ್ಟ್ ಬರುತ್ತದೆ ಎಂದು ಬರೆಯಬೇಡಿ. ಔಟ್‌ಪುಟ್ ಮೇಲೆ ಏರುವಾಗ ಟ್ರಾನ್ಸಿಸ್ಟರ್ ಕರೆಂಟ್ ಸೊನ್ನೆಗೆ ಇಳಿದರೆ ಮುಂದೆ ಏರಲು ಜಾಗವಿಲ್ಲ. ಆ ಮಿತಿ 1.4 ಮಿಲಿ ಆಂಪಿಯರ್ ಗುಣಿಸು 2.48 ಕಿಲೋ ಓಮ್, ಸುಮಾರು 3.5 ವೋಲ್ಟ್ ಪೀಕ್. ಕೆಳಗೆ ಮಾತ್ರ ಸುಮಾರು 5.8 ವೋಲ್ಟ್ ಜಾಗವಿದೆ. ಹಾಗಾಗಿ ಅಲೆಯ ತಲೆ ಮೊದಲು ಚಪ್ಪಟೆಯಾಗುತ್ತದೆ. ಡಿಸಿ ಲೋಡ್ ಲೈನಿನಲ್ಲಿ ನಟ್ಟನಡುವೆ ಇದ್ದ ಬಿಂದು RL ಜೋಡಿಸಿದ ಮೇಲೆ ನಡುವೆ ಉಳಿಯುವುದಿಲ್ಲ. ಎಸಿ ಲೋಡ್ ಲೈನ್ ಎಂದು ಬೇರೆ ಸ್ಲೈಡ್ ಇರುವುದು ಇದನ್ನು ತೋರಿಸಲಿಕ್ಕೇ.

ಅದಕ್ಕೂ ಮುಂಚೆ ಇನ್ನೊಂದು ತೊಡಕಿದೆ. ಸಿಗ್ನಲ್ ಜೊತೆ ಕರೆಂಟ್ ಏರಿಳಿದಾಗ re ಕೂಡ ಏರಿಳಿಯುತ್ತದೆ, ಅಂದರೆ ಒಂದೇ ಅಲೆಯೊಳಗೆ ಗೇನ್ ಬದಲಾಗುತ್ತಿರುತ್ತದೆ. ಬೇಸ್ ಎಮಿಟರ್ ನಡುವೆ 10 ಮಿಲಿವೋಲ್ಟ್ ಪೀಕ್ ಕೊಟ್ಟರೇ ಸೆಕೆಂಡ್ ಹಾರ್ಮೋನಿಕ್ ಹತ್ತು ಪರ್ಸೆಂಟಿನ ಹತ್ತಿರ ಹೋಗುತ್ತದೆ. ಸ್ಕೋಪಿನಲ್ಲಿ ಅಲೆಯ ಮೇಲಿನ ಗುಡ್ಡ ದಪ್ಪಗೂ ಕೆಳಗಿನದು ಚೂಪಾಗಿಯೂ ಕಾಣುತ್ತದೆ. ಲ್ಯಾಬಿನಲ್ಲಿ ಗೇನ್ ಅಳೆಯುವಾಗ ಇನ್‌ಪುಟ್ ಐದು ಮಿಲಿವೋಲ್ಟ್ ಪೀಕ್ ದಾಟಿಸಬೇಡಿ. ಜನರೇಟರಿನ ನಾಬ್ ಅಷ್ಟು ಕೆಳಗೆ ಇಳಿಯದಿದ್ದರೆ 10 ಕಿಲೋ ಓಮ್, 100 ಓಮ್ ಸೇರಿಸಿ ಒಂದು ಡಿವೈಡರ್ ಮಾಡಿ ಅದರಿಂದ ಕೊಡಿ.

ಮಲ್ಟಿಮೀಟರ್ ಹಿಡಿದು ತಾಳೆ ನೋಡುವುದು

ಸ್ಲೈಡ್ ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ಬ್ರೆಡ್‌ಬೋರ್ಡಿಗಿಂತ ಒಳ್ಳೆಯ ಸಾಧನ ಕಾಣೆ. BC547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇದ್ದಾಗ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯವರು ಅದರ ಬದಲು 2N3904 ಕೊಟ್ಟರೆ ಸಾಲು ತಿರುಗಾಮುರುಗಾ, ಎಮಿಟರ್ ಎಡಕ್ಕೆ ಬರುತ್ತದೆ. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳ ಪ್ಲಸ್ ಕಾಲು ಡಿಸಿ ವೋಲ್ಟೇಜ್ ಹೆಚ್ಚಿರುವ ಕಡೆಗೆ: ಇನ್‌ಪುಟ್‌ನದು ಬೇಸಿಗೆ, CEಯದು ಎಮಿಟರಿಗೆ, ಔಟ್‌ಪುಟ್‌ನದು ಕಲೆಕ್ಟರಿಗೆ.

ಸಿಗ್ನಲ್ ಕೊಡುವ ಮುಂಚೆ ಗ್ರೌಂಡಿಗೆ ಕಪ್ಪು ಪ್ರೋಬ್ ಇಟ್ಟು ಮೂರು ಕಾಲಿನ ವೋಲ್ಟೇಜ್ ಅಳೆಯಿರಿ. ಬೇಸ್ 2 ಮತ್ತು 2.1ರ ನಡುವೆ, ಎಮಿಟರ್ ಅದಕ್ಕಿಂತ ಸುಮಾರು 0.65ರಿಂದ 0.7 ಕಡಿಮೆ, ಕಲೆಕ್ಟರ್ ಏಳೂವರೆ ಸುತ್ತಮುತ್ತ ಇರಬೇಕು. ಕಲೆಕ್ಟರ್ ಪೂರ್ತಿ 12, ಎಮಿಟರ್ ಸೊನ್ನೆ ತೋರಿಸಿದರೆ ಟ್ರಾನ್ಸಿಸ್ಟರಿನಲ್ಲಿ ಕರೆಂಟೇ ಇಲ್ಲ. R1 ಸರಿಯಾಗಿ ಕೂತಿಲ್ಲ ಅಥವಾ ಬೇಸಿನ ಕಾಲು ಪಕ್ಕದ ಸಾಲಿಗೆ ಹೋಗಿದೆ. ಎಮಿಟರ್ 2.9, ಕಲೆಕ್ಟರ್ 3 ಎಂದು ಎರಡೂ ಅಂಟಿಕೊಂಡು ಬಂದರೆ R2 ಬಿಟ್ಟುಹೋಗಿದೆ, ಟ್ರಾನ್ಸಿಸ್ಟರ್ ಸ್ಯಾಚುರೇಶನ್ನಿಗೆ ಬಿದ್ದಿದೆ. ಎಮಿಟರ್ ಸೊನ್ನೆ, ಬೇಸ್ 0.7, ಕಲೆಕ್ಟರ್ ಹೆಚ್ಚುಕಡಿಮೆ ಸೊನ್ನೆ ಇದ್ದರೆ CE ಶಾರ್ಟ್ ಆಗಿದೆ.

ಮೀಟರಿಗೆ ಸಿಗದ ತಪ್ಪು ಒಂದಿದೆ. ಮೂರೂ ವೋಲ್ಟೇಜ್ ಪುಸ್ತಕದಲ್ಲಿದ್ದ ಹಾಗೇ ಬರುತ್ತವೆ, ಆದರೆ ಗೇನ್ ಎರಡೂವರೆ ದಾಟುವುದಿಲ್ಲ. ಇಲ್ಲಿ CE ಒಳಗೇ ಓಪನ್ ಆಗಿದೆ, ಇಲ್ಲವೇ ಅದರ ಕಾಲು ರಂಧ್ರದೊಳಗೆ ತಾಗಿಲ್ಲ. ಡಿಸಿ ಓದಿನಲ್ಲಿ ನಾವೇ ಅಳಿಸಿಹಾಕಿದ ಭಾಗ ಅದು, ಡಿಸಿ ಅಳತೆಗೆ ಅದರ ಸುಳಿವು ಸಿಗುವುದಾದರೂ ಹೇಗೆ? ಸಿಗ್ನಲ್ ಹಾಗೇ ಇರಲಿ, ಇನ್ನೊಂದು 100 ಮೈಕ್ರೋ ಕೆಪ್ಯಾಸಿಟರ್ ತೆಗೆದುಕೊಂಡು ಪ್ಲಸ್ ಎಮಿಟರಿಗೆ, ಮೈನಸ್ ಗ್ರೌಂಡಿಗೆ ಕೈಯಲ್ಲೇ ತಾಗಿಸಿ ಹಿಡಿಯಿರಿ. ಸ್ಕೋಪಿನಲ್ಲಿ ಅಲೆ ಒಮ್ಮೆಲೇ ಹತ್ತಾರು ಪಟ್ಟು ಎದ್ದರೆ ಹಳೆಯ ಕೆಪ್ಯಾಸಿಟರ್ ಕಿತ್ತು ಬೇರೆಯದು ಹಾಕಿ.